ತುರ್ತು ಮತ್ತು ತೂರ್ತ

ಸುಮೇಧಾಳ ತಂಡದ ಚಾಟ್ ಚಾನೆಲ್‌ನಲ್ಲಿ ಮನುಷ್ಯರು ಮಾತಾಡುವುದನ್ನು ಬಿಟ್ಟು ಬಹಳ ದಿನವಾಗಿತ್ತು. ಮಾತಾಡುತ್ತಿದ್ದುದು ತಾನಾಗಿ ಸಂದೇಶ ಬರೆಯುವ ಬಾಟ್ ಎಂಬ ಪ್ರೋಗ್ರಾಂ ಒಂದೇ. ನಾಗಪುರದ ಆ ಪುಟ್ಟ ಕಚೇರಿಯಲ್ಲಿ ಯಾರಾದರೂ ಹೊಸ ಕೋಡ್ ಸೇರಿಸಿದ ಕೂಡಲೇ ಒಂದು ಸರ್ವರ್ ಇಡೀ ಸಾಫ್ಟ್‌ವೇರನ್ನು ಮತ್ತೆ ಕಟ್ಟಿ, ಪರೀಕ್ಷಿಸಿ ನೋಡುತ್ತಿತ್ತು. ಇದಕ್ಕೆ ಅವರು ಬಿಲ್ಡ್ ಎನ್ನುತ್ತಿದ್ದರು. ಬಿಲ್ಡ್ ಕೆಟ್ಟರೆ ಬಾಟ್ ಚಾನೆಲ್‌ನಲ್ಲಿ ಒಂದು ಕೆಂಪು ಸಾಲು ಬರೆದು, ಅದರ ಕೊನೆಗೆ ಎಲ್ಲರ ಹೆಸರನ್ನೂ ಸೇರಿಸುತ್ತಿತ್ತು. ಹೆಸರು ಕಂಡರೆ ಸಾಕು, ಎಲ್ಲರ ಕಂಪ್ಯೂಟರೂ ಟಿಣ್ ಎನ್ನುತ್ತಿತ್ತು.

ಕೆಡುವುದರಲ್ಲೂ ತರತಮ ಇರುತ್ತದೆ, ಆದರೆ ಆ ದಡ್ಡ ಬಾಟ್‌ಗೆ ಅದು ಗೊತ್ತಿರಲಿಲ್ಲ. ಎಲ್ಲೋ ಬಳಸದ ಹೆಸರೊಂದು ಕೋಡಿನಲ್ಲಿ ಉಳಿದಿದೆ ಎಂಬ ಸಣ್ಣ ತಕರಾರಿಗೂ ಟಿಣ್, ನೆಟ್‌ವರ್ಕ್ ನಿಧಾನವಾಗಿ ಪರೀಕ್ಷೆಯೊಂದು ಸುಮ್ಮನೆ ಸೋತರೂ ಟಿಣ್, ಗಿರಾಕಿಗೆ ಹೋಗಬೇಕಾದ ಕೋಡೇ ಮುರಿದು ಬಿದ್ದರೂ ಅದೇ ಟಿಣ್. ತಂಡದವರು ಇದಕ್ಕೊಂದು ಪದ್ಧತಿ ಮಾಡಿಕೊಂಡಿದ್ದರು. ಟಿಣ್ ಎಂದಾಗ ಯಾರಾದರೊಬ್ಬರು, ತಲೆ ಎತ್ತದೆ, ಓದದೆ, ‘ok’ ಎಂದು ಟೈಪ್ ಮಾಡಿಬಿಡುವುದು. ಯಾರೋ ನೋಡಿಕೊಂಡರು ಎಂದು ಉಳಿದವರೆಲ್ಲ ನೆಮ್ಮದಿಯಿಂದ ಇರುವುದು. ನಿಜವಾಗಿ ಯಾರೂ ನೋಡುತ್ತಿರಲಿಲ್ಲ.

ಹೀಗೆ ನೋಡದೆ ಬಿಟ್ಟಿದ್ದರಿಂದಲೇ ಎರಡು ಸಲ ಕೆಟ್ಟ ಮಾಲು ಗಿರಾಕಿಗೆ ಹೋಯಿತು. ಇವರು ಮಾಡುತ್ತಿದ್ದುದು ಆಸ್ಪತ್ರೆಗಳಲ್ಲಿ ಔಷಧಿಯ ಚೀಟಿ ಮುದ್ರಿಸುವ ಸಾಫ್ಟ್‌ವೇರ್. ಇನ್ನೊಮ್ಮೆ ಹೀಗಾದರೆ ನಾಗಪುರದ ಕಚೇರಿಯನ್ನೇ ಮುಚ್ಚಿ ಕೆಲಸವನ್ನೆಲ್ಲ ಪುಣೆಗೆ ಒಯ್ಯುತ್ತೇವೆ ಎಂದು ಪುಣೆಯ ಸಾಹೇಬರು ಫೋನಿನಲ್ಲಿ ಹೇಳಿದರು. ಉಳಿದವರೆಲ್ಲ ಹುಡುಗರು, ಪುಣೆಯೇನು, ಎಲ್ಲಿಗಾದರೂ ಹೋಗಿಯಾರು. ಸುಮೇಧಾಗೆ ಅದು ಸಾಧ್ಯವಿರಲಿಲ್ಲ. ಗಂಡ ಶ್ರೀಶ ನಾಗಪುರದ ಹೊರಗಿನ ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಇಂಜಿನಿಯರ್. ಮದುವೆಯಾಗಿ ಧಾರವಾಡದಿಂದ ಬಂದ ಹೊಸದರಲ್ಲಿ ಅವನು, “ತೂರ್ತ ಮನ್ಯಾಗ ಇರು, ಆಮ್ಯಾಲೆ ನೋಡೋಣು” ಅಂದಿದ್ದ. ತೂರ್ತ ಎಂದರೆ ಮರಾಠಿಯಲ್ಲಿ ಸದ್ಯಕ್ಕೆ. ನಾಗಪುರದಲ್ಲೇ ಬೆಳೆದ ಅವನ ಕನ್ನಡದಲ್ಲಿ ಇಂಥ ಮಾತುಗಳು ಧಾರಾಳವಾಗಿದ್ದವು. ಆ ಸದ್ಯಕ್ಕೆ ಎಂಬುದು ಅವಳ ಆರು ವರ್ಷಗಳನ್ನು ನುಂಗಿ ನೀರು ಕುಡಿದಿತ್ತು. ಕಾಡಿಬೇಡಿ ಸ್ಥಾವರದ ಕಾಲನಿಯಿಂದ ನಾಗಪುರದ ಲಕ್ಷ್ಮೀ ನಗರಕ್ಕೆ ಮನೆ ಬದಲಿಸಿ, ತನಗಿಂತ ಚಿಕ್ಕವರ ಕೈಕೆಳಗೆ ಕಲಿತು ಹಿಡಿದ ಕೆಲಸ ಇದು. ಇದು ಹೋದರೆ ಆ ಊರಿನಲ್ಲಿ ಅವಳಿಗೆ ಇನ್ನೊಂದು ಸಿಗುವುದಿಲ್ಲವೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಬಾಟ್‌ಗೆ ಬುದ್ಧಿ ಕಲಿಸಲು ಅವಳೇ ಮುಂದಾದಳು. ಕೆಡುಕನ್ನು ಮೂರು ದರ್ಜೆ ಮಾಡುವುದು. ಸಣ್ಣ ತಕರಾರು ಚಾನೆಲ್‌ಗೆ ಬರುವುದೇ ಬೇಡ, ಬಿಲ್ಡ್ ಸರ್ವರ್‌ನ ಪುಟದಲ್ಲಿ ಬಿದ್ದಿರಲಿ. ಒಬ್ಬರ ಕೋಡಿನಿಂದ ಪರೀಕ್ಷೆ ಸೋತರೆ ಅವರೊಬ್ಬರ ಹೆಸರು ಮಾತ್ರ ಬರಲಿ, ಅದೂ ಒಂದೇ ಕಾರಣಕ್ಕೆ ಒಂದೇ ಸಲ. ಗಿರಾಕಿಗೆ ಹೋಗುವ ಪ್ರತಿ, ಅಂದರೆ ರಿಲೀಸ್ ಬ್ರಾಂಚ್, ಕೆಟ್ಟರೆ ಮಾತ್ರ ಎಲ್ಲರ ಹೆಸರೂ ಬಂದು ಎಲ್ಲರ ಕಂಪ್ಯೂಟರೂ ಕೂಗಲಿ. ಹುಡುಗರಿಗೆ ಖುಷಿಯಾಗಲೆಂದು ದರ್ಜೆಗಳಿಗೆ ಊರ ಮಾತಿನ ಹೆಸರಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಗೋಡೆಯ ಬಿಳಿ ಹಲಗೆಯ ಮೇಲೆ ಬರೆದಳು. ಮೊದಲನೆಯದು sada, ಸಾದಾ. ಎರಡನೆಯದು bagh, ಮರಾಠಿಯಲ್ಲಿ ನೋಡು. ಮೂರನೆಯದಕ್ಕೆ ಕೈ ತಾನಾಗಿ turt ಎಂದು ಬರೆದು, ಮುಂದೆ ರಿಲೀಸ್ ಬ್ರಾಂಚ್ ಎಂದು ಸೇರಿಸಿತು. ಅವಳ ಮನಸ್ಸಿನಲ್ಲಿ ಇದ್ದುದು ಕನ್ನಡದ ತುರ್ತು.

ಬಾಟ್ ಬರೆಯುವ ಸಾಲುಗಳನ್ನು ಹೀಗೆ ಸೋಸುವ ಫಿಲ್ಟರ್ ಬರೆಯುವ ಕೆಲಸವನ್ನು ಭೂಷಣ ವೈರಾಗಡೆ ವಹಿಸಿಕೊಂಡ. ವರ್ಧಾ ಕಡೆಯ ಹುಡುಗ, ಸಂಕೋಚದವ, ಅವಳನ್ನು ತಾಈ, ಅಂದರೆ ಮರಾಠಿಯಲ್ಲಿ ಅಕ್ಕ ಎಂದೇ ಕರೆಯುತ್ತಿದ್ದ. ಫಿಲ್ಟರ್ ಹಾಕಿದ ಮಾರನೆಯ ದಿನ ಕಚೇರಿಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಟಿಣ್ ಇಲ್ಲ. ಆಗೊಮ್ಮೆ ಈಗೊಮ್ಮೆ ಒಬ್ಬರ ಹೆಸರು ಬಂದರೆ ಆ ಒಬ್ಬರು ನಿಜವಾಗಿ ಓದಿ, ನಿಜವಾಗಿ ಸರಿಮಾಡುತ್ತಿದ್ದರು. ಬೇಕೆಂದೇ ರಿಲೀಸ್ ಬ್ರಾಂಚಿನಲ್ಲಿ ಒಂದು ತಪ್ಪು ಸೇರಿಸಿ ಬಾಟ್ ಕೂಗುತ್ತದೋ ಇಲ್ಲವೋ ನೋಡಬೇಕು ಎಂದು ಸುಮೇಧಾ ಅಂದುಕೊಂಡಿದ್ದಳು. ಆದರೆ ಅಷ್ಟು ದಿನಗಳ ಮೇಲೆ ಸಿಕ್ಕ ಶಾಂತಿಯನ್ನು ಕೆಡಿಸಲು ಮನಸ್ಸಾಗಲಿಲ್ಲ. ಇವತ್ತು ಬೇಡ, ನಾಳೆ ಎಂದು ದಿನ ತಳ್ಳಿದಳು.

ಅಷ್ಟರಲ್ಲಿ ಗಿರಾಕಿಯಿಂದ ಒಂದು ದೂರು ಬಂತು. ಚೀಟಿಯಲ್ಲಿ ದಶಾಂಶ ಬಿಂದು ಅಳಿದುಹೋಗಿ, ಎರಡೂವರೆ ಮಿಲಿಗ್ರಾಂ ಇಪ್ಪತ್ತೈದು ಎಂದು ಮುದ್ರಣವಾಗುತ್ತಿತ್ತು. ಸುಮೇಧಾ ಕೂತು ಅದನ್ನು ಸರಿಪಡಿಸಿದಳು, ತನ್ನ ಕಂಪ್ಯೂಟರಿನಲ್ಲಿ ಹಲವು ಸಲ ಮುದ್ರಿಸಿ ನೋಡಿದಳು, ರಿಲೀಸ್ ಬ್ರಾಂಚಿಗೆ ಸೇರಿಸಿದಳು. ಹೊಸ ಕಡತವೊಂದನ್ನು ಜೊತೆಗೆ ಸೇರಿಸಲು ಮರೆತಿದ್ದಳು. ಅದು ಅವಳ ಕಂಪ್ಯೂಟರಿನಲ್ಲಿತ್ತು, ಸರ್ವರಿನಲ್ಲಿ ಇರಲಿಲ್ಲ. ಅಲ್ಲಿ ಬಿಲ್ಡ್ ಕೆಟ್ಟಿತು. ಚಾನೆಲ್ ತಣ್ಣಗಿತ್ತು. ತಣ್ಣಗಿದೆ ಎಂದರೆ ಎಲ್ಲ ಬರೋಬರ್ ಎಂದು ಅವಳು ಪುಟ ತೆರೆದು ನೋಡಲಿಲ್ಲ. ಗಿರಾಕಿಗೆ ಕಳಿಸುವ ಗಂಟನ್ನು ಕಟ್ಟುವ ಸ್ಕ್ರಿಪ್ಟು ಯಾವಾಗಲೂ ಕೊನೆಯದಾಗಿ ಪಾಸಾದ ಬಿಲ್ಡನ್ನೇ ಎತ್ತಿಕೊಳ್ಳುತ್ತಿತ್ತು. ಆ ಸಲವೂ ಎತ್ತಿಕೊಂಡಿತು, ಬಿಂದುವಿಲ್ಲದ ಹಳೆಯದನ್ನು.

ಸರಿಯಾಗಿದೆ ಎಂಬ ಭರವಸೆಯ ಜೊತೆಗೆ ಹೋದ ಗಂಟಿನಿಂದ ಮತ್ತೆ ಇಪ್ಪತ್ತೈದು ಎಂಬ ಚೀಟಿ ಬಂತು. ಯಾವುದೋ ನರ್ಸಮ್ಮ ಅನುಮಾನಪಟ್ಟು ಸೂಜಿ ಕೆಳಗಿಟ್ಟಿದ್ದರಿಂದ ಒಂದು ಜೀವ ಉಳಿಯಿತು. ಗಿರಾಕಿ ಉಳಿಯಲಿಲ್ಲ. ಕಚೇರಿ ಮುಚ್ಚುವುದೆಂದು ಪುಣೆಯವರು ತಿಳಿಸಿದರು.

ಸುಮೇಧಾ ಫಿಲ್ಟರ್ ತೆರೆದು ನೋಡಿದಳು. turt ದರ್ಜೆಯದನ್ನು ಚಾನೆಲ್‌ಗೆ ಬಿಡಬೇಡ ಎಂದಿತ್ತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಭೂಷಣನನ್ನು ಎಲ್ಲರ ಎದುರಿಗೇ ಕೇಳಿದಳು. ಅವನು, ಹಲಗೆಯ ಮೇಲಿದ್ದುದು ತೂರ್ತ, ಅಂದರೆ ಸದ್ಯಕ್ಕೆ ಅಲ್ಲವೇ, ಸದ್ಯಕ್ಕೆ ರಿಲೀಸ್ ಬ್ರಾಂಚಿನ ಬಾಯಿ ಮುಚ್ಚಿಸಿಡು ಎಂದು ನೀವು ಬರೆದಿರೆಂದು ತಿಳಿದೆ, ಆ ವಾರ ಎಲ್ಲರೂ ಅದರೊಳಗೆ ಕೋಡ್ ತುಂಬುತ್ತಿದ್ದರು, ದಿನವಿಡೀ ಅದೇ ಕೂಗುತ್ತಿತ್ತು ಎಂದ. ಅನುಮಾನ ಬಂದರೆ ಕೇಳಬಾರದಿತ್ತೇ ಎಂದು ಅವಳು ದನಿ ಏರಿಸಿದಳು.

“ಕೇಳಿದ್ದೆ, ತಾಈ,” ಎಂದ ಮರಾಠಿಯಲ್ಲಿ, ನೆಲ ನೋಡುತ್ತ. “ಹಳೇ ಬಾಟ್ ಇನ್ನೂ ಕೂಗ್ತಿತ್ತಲ್ಲ, ಆಗ ಚಾನೆಲ್‌ನಲ್ಲೇ ಕೇಳಿದೆ. ಸದ್ಯಕ್ಕೆ ರಿಲೀಸ್ ಬ್ರಾಂಚ್ ಬಂದ್ ಮಾಡ್ಲಾ ಅಂತ. ನೀವು ಓಕೆ ಅಂದ್ರಿ.”

ಅವಳು ಅಂದಿದ್ದಳು. ಅವನಿಗಲ್ಲ, ಬಾಟ್‌ಗೆ. ಆ ದಿನ ಟಿಣ್ ಟಿಣ್ ಎಂಬ ಕೆಂಪು ಸಾಲುಗಳ ನಡುವೆ ಒಬ್ಬ ಮನುಷ್ಯ ಪ್ರಶ್ನೆ ಕೇಳಿದ್ದ, ಅವಳು ಅದನ್ನು ಓದದೆಯೇ ಸುಮ್ಮನಾಗಿಸಿದ್ದಳು. ಅವನ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು, ಅದರ ಜಾಗಕ್ಕೆ ಬಂದದ್ದು ಸಿಟ್ಟಿಗಿಂತ ಕೆಟ್ಟದ್ದು. ಪುಣೆಯ ಸಾಹೇಬರಿಗೆ ಫೋನ್ ಮಾಡಿ ತಪ್ಪು ತನ್ನದೇ ಎಂದಳು. ಇನ್ನು ಅದರಿಂದ ಏನೂ ಬದಲಾಗುವುದಿಲ್ಲ ಎಂದು ಅವರು ಫೋನಿಟ್ಟರು.

ಸಂಜೆ ಶ್ರೀಶ ಸ್ಥಾವರದ ಬಸ್ಸಿಳಿದು ಬಂದ. ಅವಳು ಹೇಳಿದ್ದನ್ನೆಲ್ಲ ಬೂಟು ಬಿಚ್ಚುತ್ತ ಕೇಳಿದ. ಕೆಟ್ಟ ಮನುಷ್ಯನಲ್ಲ, ಅವನಿಗೆ ನಿಜವಾಗಿ ಸಂಕಟವಾಗಿತ್ತು. ಹೆಂಡತಿಯನ್ನು ಸಮಾಧಾನ ಮಾಡಲು ಅವನಿಗೆ ಗೊತ್ತಿದ್ದುದು ಒಂದೇ ಮಾತು.

“ಇರ್ಲಿ ಬಿಡು. ತೂರ್ತ ಮನ್ಯಾಗ ಇರು, ಆಮ್ಯಾಲೆ ನೋಡೋಣು.”

ಸುಮೇಧಾ ತಲೆ ಎತ್ತಲಿಲ್ಲ.

“ಓಕೆ,” ಅಂದಳು.