ಸೊನ್ನೆ ಸದ್ದಿನ ಸಂಗೀತ

ಪತ್ರಿಕೆಯ ಸಂಗೀತ ವಿಮರ್ಶಕರಿಗೆ ಕಚೇರಿಯಲ್ಲಿ ‘ಪಂಡಿತರು’ ಎಂದೇ ಹೆಸರು. ಹಾಡು ಕೇಳುವ ಆ್ಯಪ್‌ನಲ್ಲಿ ಅವರಿಗೆ ನಾನೂರ ಹನ್ನೆರಡು ಫಾಲೋವರ್ಸ್. ತಾವು ಕೇಳುವುದೆಲ್ಲ ಆ ಫಾಲೋವರ್‌ಗಳ ಕಂಪ್ಯೂಟರಿನ ಪಕ್ಕದ ಪಟ್ಟಿಯಲ್ಲಿ ಕಾಣುತ್ತದೆಂದು ಗೊತ್ತಾದ ದಿನದಿಂದ ಪಂಡಿತರು ಕೇಳುವುದಕ್ಕಿಂತ ಕಾಣಿಸುವುದಕ್ಕೇ ಹೆಚ್ಚು ಬೆವರು ಸುರಿಸಿದರು. ಕಚೇರಿಗೆ ಬಂದೊಡನೆ ಎರಡು ಗಂಟೆಯ ಗಹನವಾದ ವಾದ್ಯಸಂಗೀತ ಹಚ್ಚಿ, ಸದ್ದನ್ನು ಸೊನ್ನೆಗಿಳಿಸಿ, ಫೋನನ್ನು ಜೇಬಿಗೆ ಹಾಕುತ್ತಿದ್ದರು. ಮರ್ಯಾದೆಗೆ ಮರ್ಯಾದೆ, ಕಿವಿಗೆ ವಿಶ್ರಾಂತಿ.

ಮನೆಯಲ್ಲಿ ಮಾತ್ರ, ಕೇಳಿದ್ದು ಯಾರಿಗೂ ಕಾಣದ ಪ್ರೈವೇಟ್ ಸೆಷನ್. ಆಗ ಕೇಳುತ್ತಿದ್ದುದು ಬೈಕಿನ ಹಾರ್ನಿನಿಂದ ಶುರುವಾಗುವ ಒಂದು ಡಾನ್ಸ್ ಹಾಡು. ಹೋದ ವಾರದ ಅಂಕಣದಲ್ಲಿ ಅದನ್ನೇ ‘ತಗಡಿನ ಡಬ್ಬ’ ಎಂದು ಜಾಡಿಸಿದ್ದರು.

ಈ ದಿನ ಬೆಳಿಗ್ಗೆ ಗಡ್ಡ ಹೆರೆಯುತ್ತ ಅದನ್ನು ಐದು ಸಲ ಕೇಳಿದರು. ನಿನ್ನೆ ಸಂಜೆ ಆನ್ ಮಾಡಿದ ಸೆಷನ್ ಇನ್ನೂ ಇದೆಯೆಂಬ ಧೈರ್ಯ. ಕೆಲವು ಗಂಟೆ ಏನೂ ಕೇಳದೆ ಬಿಟ್ಟರೆ ಅದು ತಾನಾಗಿಯೇ ಮುಗಿಯುತ್ತದೆಂದು ಅವರಿಗೆ ಗೊತ್ತಿರಲಿಲ್ಲ. ಪಂಡಿತರಿಗೆ ಪಾಠ ಹೇಳುವವರು ಯಾರು?

“ಸಾರ್, ಬೆಳಿಗ್ಗೆ ಹಾರ್ನ್ ಜೋರಾಗಿತ್ತು!” ಎಂದಳು ಕಚೇರಿಯಲ್ಲಿ ಎದುರಾದ ಉಪಸಂಪಾದಕಿ.

ಪಂಡಿತರು ಗಡಿಯಾರ ನೋಡಿದರು. ಅಂಕಣ ತಮ್ಮಲ್ಲೇ ಉಳಿಯುವುದೋ, ಈ ಹುಡುಗಿಗೆ ಹೋಗುವುದೋ ಎಂಬುದು ಹನ್ನೊಂದರ ಮೀಟಿಂಗ್‌ನಲ್ಲಿ ತೀರ್ಮಾನವಾಗಬೇಕಿತ್ತು. ಶೌಚಾಲಯಕ್ಕೆ ಓಡಿ, ಫಾಲೋವರ್ಸ್ ಪಟ್ಟಿಯಲ್ಲಿ ಅವಳ ಹೆಸರು ಹುಡುಕಿ ತೆಗೆದುಹಾಕಿದರು. ನಾನೂರ ಹನ್ನೊಂದು. ಒಂದು ಕಮ್ಮಿಯಾದದ್ದಕ್ಕೂ ಹೊಟ್ಟೆ ಉರಿಯಿತು.

ಸೆಟ್ಟಿಂಗ್ಸ್‌ನಲ್ಲಿ ಲಿಸನಿಂಗ್ ಆ್ಯಕ್ಟಿವಿಟಿಯ ಸ್ವಿಚ್ಚೊಂದನ್ನು ಆರಿಸಿದ್ದರೆ ಯಾವ ಫಾಲೋವರಿಗೂ ಏನೂ ಕಾಣುತ್ತಿರಲಿಲ್ಲ. ಆದರೆ ಆಗ ವಾದ್ಯಸಂಗೀತವೂ ಕಾಣುವುದಿಲ್ಲವಲ್ಲ! ಎಂದಿನಂತೆ ಅದನ್ನು ಹಚ್ಚಿ, ಸದ್ದು ಇಳಿಸಿ, ಮೀಟಿಂಗ್‌ಗೆ ನಡೆದರು.

“ನನ್ನನ್ನ ಯಾಕೆ ಸಾರ್ ತೆಗೆದ್ರಿ?” ಉಪಸಂಪಾದಕಿ ಎಲ್ಲರೆದುರೇ ಕೇಳಿದಳು. “ನೀವು ಬ್ಲಾಕ್ ಮಾಡಿರ್ಲಿಲ್ಲ, ಮತ್ತೆ ಫಾಲೋ ಮಾಡ್ದೆ.”

ಅವಳ ಲ್ಯಾಪ್‌ಟಾಪಿನತ್ತ ಸಂಪಾದಕಿ ಬಗ್ಗಿದರು. “ಪಂಡಿತ್ರೇ, ಈಗ ವಾದ್ಯಸಂಗೀತ ಕೇಳ್ತಿದ್ದೀರಂತೆ?”

ಪಂಡಿತರ ಕಿವಿಯಲ್ಲಿ ಏನೂ ಇರಲಿಲ್ಲ. ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ.

“ಮೀಟಿಂಗ್ ಇದ್ದಾಗೆಲ್ಲ ಹೀಗೇ ಮೇಡಂ,” ಎಂದಳು ಉಪಸಂಪಾದಕಿ. “ಹಾರ್ನ್ ಹಾಡು ನೋಡಿದಾಗ ನಂಗೆ ಖುಷೀನೇ ಆಯ್ತು. ಸದ್ಯ, ಇವರೂ ಏನಾದ್ರೂ ಕೇಳ್ತಾರಲ್ಲ ಅಂತ.”

ಯಾರೂ ನಗಲಿಲ್ಲ. ನಕ್ಕಿದ್ದರೆ ಪಂಡಿತರಿಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

“ಈ ವಾರ ಆ ಹಾಡಿನ ಬಗ್ಗೆ ನಿಜ ಬರೀರಿ,” ಎಂದರು ಸಂಪಾದಕಿ. “ಆಗಲ್ಲ ಅಂದ್ರೆ ಅಂಕಣ ಇವಳಿಗೆ.”

ತಮ್ಮ ಮೇಜಿಗೆ ಬಂದು ಪಂಡಿತರು ಕೊನೆಗೂ ಆ ಸ್ವಿಚ್ ಆರಿಸಿದರು. ಇನ್ನು ಯಾರೂ ನೋಡುತ್ತಿಲ್ಲ. ವಾದ್ಯಸಂಗೀತದ ಸದ್ದು ಏರಿಸಿ, ಇಯರ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದರು. ನಾಲ್ಕು ನಿಮಿಷವೂ ತಡೆಯಲಾಗಲಿಲ್ಲ.

ಹಾರ್ನ್ ಹಾಡು ಹಚ್ಚಿಕೊಂಡು ಬರೆಯಲು ಕುಳಿತರು: ‘ಹೋದ ವಾರ ನಾನು ಸುಳ್ಳು ಹೇಳಿದ್ದೆ.’