ಬತ್ತಿಯ ಓಲಾಟ

ತಮ್ಮನ ಕೆಲಸದಲ್ಲಿ ಎಲ್ಲೋ ಒಂದು ಹುಳುಕು ಇರಲೇಬೇಕಲ್ಲ, ಕಣ್ಣಿಗೆ ಯಾಕೆ ಬೀಳುತ್ತಿಲ್ಲ? ಸ್ಟುಡಿಯೊದ ಕಂಪ್ಯೂಟರಿನ ಮುಂದೆ ಕೂತಿದ್ದ ಅಕ್ಕನ ಹಿಂದೆ ನಿಂತು ಅಣ್ಣ ಅದನ್ನೇ ಹುಡುಕುತ್ತಿದ್ದ.

ಕರೆಂಟು ಹೋದ ಒಂದು ಸಂಜೆ, ಮೇಣದಬತ್ತಿಯ ಬೆಳಕಿನಲ್ಲಿ ಅಪ್ಪ ನಗುವುದನ್ನು ಅಕ್ಕ ಫೋನಿನಲ್ಲಿ ಹಿಡಿದಿದ್ದಳು. ಈಗ ಅಪ್ಪ ಇಲ್ಲ. ಉಳಿದ ಆ ಒಂದು ನಗುವೂ ಕತ್ತಲಲ್ಲಿ ಮುಳುಗಿತ್ತು. ವಿಡಿಯೊವನ್ನು ಬೆಳಗಿಸಿ ಕೊಡಿ ಎಂದು ತನ್ನ ತಮ್ಮಂದಿರಾದ ಇವರಿಬ್ಬರಿಗೂ ಕೊಟ್ಟು, "ಯಾರದು ಚೆನ್ನಾಗಿರುತ್ತೋ ಅದನ್ನ ಇಟ್ಕೋತೀನಿ" ಅಂದಿದ್ದಳು.

ತಮ್ಮನಿಗೆ ಈ ವಿದ್ಯೆ ಕಲಿಸಿದವನು ಅಣ್ಣನೇ. ಬೆಳಕು ಏರಿಸಿದಾಗ ನೆರಳಿನಲ್ಲಿ ಏಳುವ ಕೆಂಪು, ಹಸಿರು ಚುಕ್ಕಿಗಳನ್ನು ಇಬ್ಬರೂ ಒರೆಸಿದ್ದರು. ಬಣ್ಣವನ್ನಷ್ಟೇ ಹದಮಾಡಿ ಅಪ್ಪನ ಸುಕ್ಕುಗಳನ್ನು ಉಳಿಸಿದ್ದರು. ಆದರೆ ಚಿತ್ರ ಮಿಣುಕಬಾರದೆಂದು ಅಣ್ಣ ಒಂದೊಂದು ಫ್ರೇಮನ್ನೂ ಅಳೆದು, ಎಲ್ಲವನ್ನೂ ಒಂದೇ ಬೆಳಕಿಗೆ ತಂದು ನಿಲ್ಲಿಸಿದ್ದ.

"ನಿಂದು ನೀಟಾಗಿದೆ ಕಣೋ," ಅಂದಳು ಅಕ್ಕ. "ಆದ್ರೆ ಅಪ್ಪ ಟ್ಯೂಬ್‌ಲೈಟ್ ಕೆಳಗೆ ಕೂತ ಹಾಗಿದೆ."

ತಮ್ಮ ಫ್ರೇಮುಗಳನ್ನು ಒಂದೇ ಮಟ್ಟಕ್ಕೆ ತರದೆ, ಪ್ರತಿಯೊಂದರಲ್ಲೂ ಇದ್ದ ಬೆಳಕನ್ನೇ ಒಂದೇ ಪ್ರಮಾಣದಲ್ಲಿ ಏರಿಸಿದ್ದ. ಹಾಗಾಗಿ ಹೊಸ ಮಿಣುಕು ಹುಟ್ಟಿರಲಿಲ್ಲ, ಬತ್ತಿಯ ಓಲಾಟವೂ ಸತ್ತಿರಲಿಲ್ಲ. ಜ್ವಾಲೆ ಬಾಗಿದಾಗ ಅಪ್ಪನ ಕೆನ್ನೆ ಮಂಕಾಗಿ ಮತ್ತೆ ಬೆಳಗುತ್ತಿತ್ತು. ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಇದೇ ಇರಲಿ" ಅಂದಳು.

"ಗುರುವಿಗೇ ತಿರುಮಂತ್ರ ಅಂದ್ಕೋಬೇಡಣ್ಣ," ತಮ್ಮ ಹಿಂಜರಿದ. "ಹೇಗಿದೆ ಹೇಳು."

ಅಣ್ಣನ ಹೊಟ್ಟೆಯಲ್ಲಿ ಕಿಚ್ಚೆದ್ದಿತ್ತು. "ಮೂಲೇಲಿ ಸ್ವಲ್ಪ ಕತ್ತಲೆ ಉಳ್ಕೊಂಡಿದೆ," ಅಂದ.

ನಿನ್ನದೇ ಚೆನ್ನಾಗಿದೆ ಎಂದು ಮಾತ್ರ ಅವನು ಕೊನೆಗೂ ಹೇಳಲಿಲ್ಲ.