ಅಮ್ಮನ ಹಳೆಯ ದನಿ

ಬಸ್ ನಿಲ್ದಾಣದ ಡ್ರೈವರ್‌ಗಳೆಲ್ಲ ಅಮ್ಮನನ್ನು ಮೈಕಕ್ಕ ಎಂದೇ ಕರೆಯುತ್ತಿದ್ದರು. ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಅವಳು ಮೈಕಿನಲ್ಲಿ ಹೇಳಿದರೆ ನಿದ್ದೆಗಣ್ಣಿನವನೂ ತಪ್ಪು ಬಸ್ಸು ಹತ್ತುತ್ತಿರಲಿಲ್ಲ. ಅಂಥವಳು ಈಗ ಮನೆಯಲ್ಲಿ ಕಳ್ಳಿಯಾಗಿದ್ದಳು.

ರಕ್ತಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ವಿಪರೀತ ಬಂದಿತ್ತು. ಎಣ್ಣೆ, ಬೆಣ್ಣೆ, ಬೇಕರಿ ಬಿಟ್ಟಳು, ಮಾತ್ರೆ ನುಂಗಿದಳು. ಅದು ಇಳಿಯಬೇಕಾದಷ್ಟು ಇಳಿಯಲಿಲ್ಲ. ತೂಕ ಬೇರೆ ಏರಿತು.

"ನಿಜ ಹೇಳು, ಡ್ಯೂಟಿಲಿ ಕದ್ದುಮುಚ್ಚಿ ತಿಂತೀಯ ತಾನೆ?" ಎಂದರು ಅಪ್ಪ.

"ನನ್ನ ಬಾಯಿಗೆ ಬೀಗ ಹಾಕಿ, ಕೀಲಿ ನೀವೇ ಇಟ್ಕೊಳ್ಳಿ."

ಅಮ್ಮ ಸುಳ್ಳಾಡುವವಳಲ್ಲ ಎಂದು ಮಗಳಿಗೆ ಗೊತ್ತಿತ್ತು. ಆದರೆ ಮಾತು ಗಂಟಲು ದಾಟಬೇಕಲ್ಲ! ಡಿಗ್ರಿ ಮುಗಿಸಿದ್ದರೂ ದಾರಿ ಕೇಳಲೂ ನಾಚುವ ಹುಡುಗಿ ಅವಳು.

ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮ ಮಾತ್ರೆ ಹೆಚ್ಚಿಸಲು ಪೆನ್ನು ತೆಗೆದರು.

"ಇದನ್ನ ತಗೊಂಡಾಗಿಂದ ಮೈಕೈ ನೋವು, ಡಾಕ್ಟ್ರೇ" ಎಂದಳು ಅಮ್ಮ.

"ಮೊದಲು ಕದ್ದು ತಿನ್ನೋದು ಬಿಡೋಕೆ ಹೇಳಿ" ಎಂದು ಅಪ್ಪ ನಕ್ಕರು.

ಅಮ್ಮ ತಲೆ ತಗ್ಗಿಸಿದಳು. ಆ ತಗ್ಗಿದ ತಲೆಯನ್ನು ನೋಡಲಾರದೆ ಮಗಳು ಮೊಬೈಲ್ ತೆಗೆದು ಒತ್ತಿಬಿಟ್ಟಳು. ಹಾಸ್ಟೆಲಿನಲ್ಲಿ ಮನೆ ನೆನಪಾದಾಗ ಕೇಳಲೆಂದು ರೆಕಾರ್ಡ್ ಮಾಡಿ ಇಟ್ಟುಕೊಂಡಿದ್ದ ದನಿ ಅದು. "ಪ್ರಯಾಣಿಕರ ಗಮನಕ್ಕೆ..." ತಂತಿ ಮೀಟಿದಂತೆ ಕೋಣೆ ತುಂಬಿತು.

"ಇದು ಅಮ್ಮಂದು. ಹೋದ ವರ್ಷದ್ದು. ಈಗ... ಹೀಗಿಲ್ಲ. ಬಿಸಿಲಲ್ಲೂ ಸ್ವೆಟರ್ ಹಾಕ್ಕೋತಾರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ದನಿ ದಪ್ಪ ಆಗಿರೋದು ನನಗೆ ಹೇಗೆ ಗೊತ್ತಾಗ್ಬೇಕು? ಹಳೇದನ್ನ ಕೇಳೇ ಇರಲಿಲ್ಲ." ಪುಟ್ಟ ಸುತ್ತಿಗೆಯಿಂದ ಹಿಮ್ಮಡಿಯಿಂದ ತುಸು ಮೇಲೆ ತಟ್ಟಿದರು. ಪಾದ ಚಿಮ್ಮಿತು, ಆದರೆ ಸೋಮಾರಿಯಂತೆ ನಿಧಾನವಾಗಿ ಹಿಂದಿರುಗಿತು. "ಕೊಲೆಸ್ಟ್ರಾಲ್ ತಾನಾಗಿ ಏರಿಲ್ಲ ಅನ್ಸುತ್ತೆ, ಬೇರೇನೋ ಅದನ್ನ ಏರಿಸ್ತಿದೆ. ಥೈರಾಯ್ಡ್ ನೋಡೋಣ. ಸಕ್ಕರೆ, ಕಿಡ್ನಿನೂ. ಬೇರೆ ಯಾವ ಮಾತ್ರೆನೂ ಇಲ್ಲ ತಾನೆ? ಕೆಲವು ಮಾತ್ರೆನೂ ಏರಿಸುತ್ವೆ."

ಇರಲಿಲ್ಲ. ವರದಿ ಬಂದಾಗ ಸಕ್ಕರೆ, ಕಿಡ್ನಿ ಸರಿಯಾಗಿದ್ದವು. ಥೈರಾಯ್ಡ್ ಮಾತ್ರ ತೀರಾ ಮಂದವಾಗಿತ್ತು.

"ರಕ್ತದಲ್ಲಿರೋ ಕೊಲೆಸ್ಟ್ರಾಲನ್ನ ಲಿವರ್ ಒಳಗೆ ಎಳ್ಕೋಬೇಕು. ಥೈರಾಯ್ಡ್ ಹಾರ್ಮೋನ್ ಕಮ್ಮಿಯಾದ್ರೆ ಲಿವರ್ ಬಾಗಿಲು ಅರ್ಧ ಮುಚ್ಚಿಬಿಡುತ್ತೆ. ಕೊಲೆಸ್ಟ್ರಾಲ್ ರಕ್ತದಲ್ಲೇ ಉಳಿಯುತ್ತೆ. ಮೈಕೈ ನೋವಿಗೂ ಇದು ಕಾರಣ ಇರ್ಬಹುದು. ಹಳೇ ಮಾತ್ರೆ ಸದ್ಯ ನಿಲ್ಲಿಸೋಣ. ಥೈರಾಯ್ಡ್ ಸರಿಹೋದ ಮೇಲೆ ಮತ್ತೆ ಪರೀಕ್ಷೆ ಮಾಡಿ, ಅದು ಬೇಕೋ ಬೇಡ್ವೋ ನೋಡೋಣ." ಡಾಕ್ಟರಮ್ಮ ಅಪ್ಪನ ಕಡೆ ತಿರುಗಿದರು. "ಇವರೇನೂ ಕದ್ದು ತಿಂದಿಲ್ಲ, ಸ್ವಾಮಿ."

ಅಪ್ಪ ಕುರ್ಚಿಯಲ್ಲಿ ಕುಗ್ಗಿದರು. "ತಪ್ಪಾಯ್ತು ಕಣೇ" ಎಂಬುದು ನೆಲಕ್ಕೆ ಹೇಳಿದಂತಿತ್ತು.

"ಮೈಕಲ್ಲಿ ಹೇಳಿ" ಎಂದಳು ಅಮ್ಮ.

ಬೆಳಿಗ್ಗೆ ಖಾಲಿ ಹೊಟ್ಟೆಯ ಥೈರಾಯ್ಡ್ ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಸ್ವೆಟರ್ ಬೀರು ಸೇರಿತು, ಕೊಲೆಸ್ಟ್ರಾಲ್ ಮಿತಿಯೊಳಗೆ ಇಳಿಯಿತು. ಹಳೇ ಮಾತ್ರೆ ಮತ್ತೆ ಬೇಕಾಗಲಿಲ್ಲ.

ಒಂದು ಸಂಜೆ ಅಪ್ಪ, ಮಗಳು ಅಮ್ಮನನ್ನು ಕರೆದೊಯ್ಯಲು ನಿಲ್ದಾಣಕ್ಕೆ ಬಂದಿದ್ದರು. ನೆತ್ತಿಯ ಮೇಲಿನ ಸ್ಪೀಕರಿನಿಂದ ತಂತಿಯಂಥ ದನಿ ಹೊಮ್ಮಿತು. ಪಕ್ಕದ ಬೆಂಚಿನ ಅಪರಿಚಿತೆ ಮೆಚ್ಚಿ ತಲೆಯೆತ್ತಿದಳು. "ಎಷ್ಟು ಚೆನ್ನಾಗಿ ಹೇಳ್ತಾರೆ! ಯಾರಿವರು?"

ಅಪ್ಪ ಬಾಯಿ ತೆರೆಯುವಷ್ಟರಲ್ಲಿ ಮಗಳು ಎದ್ದು ನಿಂತಿದ್ದಳು.

"ನಮ್ಮಮ್ಮ" ಎಂದಳು, ಆಚೆ ಬೆಂಚಿಗೂ ಕೇಳುವ ಹಾಗೆ.